ಬಿಲ್ ಕೌಂಟರಿನ ನಾಲ್ಕು ಮಾತು

ನನ್ನ ಅಕ್ಕನ ಮಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ನವೆಂಬರ್ ತಿಂಗಳ ಒಂದು ಭಾನುವಾರ ಅವನ ಫೋನ್ ಬಂದಾಗ ದಾವಣಗೆರೆಯಲ್ಲಿ ರಾತ್ರಿ ಒಂಬತ್ತೂವರೆ. ಅಲ್ಲಿ ಇನ್ನೂ ಸಂಜೆ ಐದು ಗಂಟೆ. ವಿಡಿಯೋದಲ್ಲಿ ಅವನ ಹಿಂದಿನ ಕಿಟಕಿ ಮಾತ್ರ ಆಗಲೇ ಕಪ್ಪಾಗಿತ್ತು.

"ಚಿಕ್ಕಮ್ಮ, ಶುಕ್ರವಾರ ಕ್ಲಾಸ್ ಮುಗಿದ ಮೇಲೆ ಬಾಯಿ ಬಿಡ್ತಾ ಇರೋದು ಈಗಲೇ" ಅಂದ.

ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ಧೈರ್ಯವಾಗಿರು, ಎಲ್ಲ ಸರಿಹೋಗುತ್ತೆ, ನೀನು ಜಾಣ. ಅವನು "ಹೂಂ" ಅಂದ. ಆ ಹೂಂಕಾರದಲ್ಲೇ ನನಗೆ ಗೊತ್ತಾಯಿತು, ನನ್ನ ಒಂದು ಮಾತೂ ಅವನನ್ನು ಮುಟ್ಟಲಿಲ್ಲ ಎಂದು. ಮುಟ್ಟುವ ಮಾತು ಯಾವುದು ಎಂದು ಹುಡುಕುತ್ತಾ ಹೋದ ಆ ಚಳಿಗಾಲದಲ್ಲಿ ನಾವಿಬ್ಬರೂ ಕಲಿತದ್ದು ಬಹಳ. ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ಮನೆಗಳಿಗೆ, ಕಳಿಸಲು ಹೊರಟಿರುವ ಮನೆಗಳಿಗೆ ಅದು ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ದೊಡ್ಡ ಗುಂಪು. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಅವರ ಸಂಖ್ಯೆ ಸುಮಾರು 49 ಸಾವಿರ ಇತ್ತು. ಎಂಜಿನಿಯರಿಂಗ್, ಕಂಪ್ಯೂಟರ್ ವಿಜ್ಞಾನದ ಹಲವು ಎಂ.ಎಸ್. ಕೋರ್ಸುಗಳು ಇಂಗ್ಲಿಷಿನಲ್ಲೇ ನಡೆಯುತ್ತವೆ. ಹಾಗಾಗಿ ಹೊರಡುವ ಮುಂಚೆ ಒಂದಿಷ್ಟು ಜರ್ಮನ್ ಕಲಿತರೆ ಸಾಕು ಎನ್ನುವ ಲೆಕ್ಕಾಚಾರ ಎಲ್ಲರದ್ದು. ಪಾಠಕ್ಕೆ ಅದು ಸಾಕಾಗುತ್ತದೆ, ಬದುಕಿಗೆ ಸಾಕಾಗುವುದಿಲ್ಲ. ಬ್ರೆಡ್ಡಿನ ಅಂಗಡಿ, ಟ್ರಾಮು, ಮನೆಯ ಮಾಲೀಕರ ಪತ್ರ, ಡಾಕ್ಟರ ರಿಸೆಪ್ಷನ್, ಅಡುಗೆಮನೆಯಲ್ಲಿ ಸಿಗುವ ಪಕ್ಕದ ರೂಮಿನವರ ಹರಟೆ, ಇವೆಲ್ಲ ಜರ್ಮನ್‌ನಲ್ಲಿ. ಕ್ಲಾಸಿನಲ್ಲಿ ಚುರುಕಾಗಿ ವಾದ ಮಾಡುವ ಹುಡುಗ ಅಂಗಡಿಗೆ ಹೋದರೆ ಮೂಗನಾಗುತ್ತಾನೆ. ಒಂಟಿತನ ಶುರುವಾಗುವುದು ಅಲ್ಲಿಂದ.

"ನು" ಎಂದರೆ ಹೌದು

ಅವನು ಹೇಳಿದ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ಉಳಿದಿದೆ. ಬೇಕರಿಯಲ್ಲಿ ಒಂದು ಪಫ್ಸ್‌ನಂಥ ತಿಂಡಿ ತೋರಿಸಿ, ಕಲಿತಿದ್ದ ಜರ್ಮನ್‌ನಲ್ಲಿ "ಇದು ವೆಜಿಟೇರಿಯನ್ನಾ?" ಎಂದು ಕೇಳಿದ್ದಾನೆ. ಅಂಗಡಿಯಾಕೆ "ನು" ಅಂದಳಂತೆ. ಇಲ್ಲ ಅಂದಳು ಎಂದುಕೊಂಡು ಇವನು ತಲೆಯಾಡಿಸಿ ಹೊರಗೆ ಬಂದ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಹೋಗಲಿಲ್ಲ. ರೂಮಿಗೆ ಬಂದು ಮ್ಯಾಗಿ ಮಾಡಿಕೊಂಡ.

ಡ್ರೆಸ್ಡೆನ್ ಇರುವುದು ಸ್ಯಾಕ್ಸನಿ ರಾಜ್ಯದಲ್ಲಿ. ಅಲ್ಲಿಯ ಆಡುಮಾತಿನಲ್ಲಿ "ನು" ಎಂದರೆ ಹೌದು. ಪುಸ್ತಕದಲ್ಲಿ ಹೌದು ಎನ್ನುವುದಕ್ಕೆ "ಯಾ" ಎಂದಿರುತ್ತದೆ. ಧಾರವಾಡದ ಮಾತನ್ನು ಕೇಳಿ ಮೈಸೂರಿನ ಪಠ್ಯಪುಸ್ತಕ ತೆರೆದಂತೆ ಅವನ ಸ್ಥಿತಿ. ಆಕೆ ಹೌದು ಎಂದು ಕೈ ಚಾಚುತ್ತಿದ್ದಳು, ಇವನು ಬೆನ್ನು ತಿರುಗಿಸಿ ಬರುತ್ತಿದ್ದ.

ಭಾಷೆ ಬಾರದಿರುವುದು ಒಂಟಿತನ ಹುಟ್ಟಿಸುವ ಬಗೆ ಇದು. ಯಾರೂ ಅವನನ್ನು ದೂರ ತಳ್ಳಿರಲಿಲ್ಲ. ಅರ್ಥವಾಗದ ಒಂದು ಸಣ್ಣ ಉತ್ತರ ತಿರಸ್ಕಾರದಂತೆ ಕೇಳಿಸಿತು. ಮುಂದಿನ ಸಲ ಆ ಬಾಗಿಲನ್ನು ಅವನೇ ತಪ್ಪಿಸಿದ. ಬಾಗಿಲು ತಪ್ಪಿಸಿದಷ್ಟೂ ಕಿವಿಗೆ ಭಾಷೆ ಬೀಳುವುದು ಕಡಿಮೆ, ಕಿವಿಗೆ ಬೀಳದಷ್ಟೂ ಭಯ ಹೆಚ್ಚು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. "ಧೈರ್ಯವಾಗಿರು" ಎನ್ನುವ ಮಾತು ಎಲ್ಲಿ ಕತ್ತರಿಸಬೇಕೆಂದು ಹೇಳುವುದಿಲ್ಲ. ಅದಕ್ಕೇ ಅದು ಮುಟ್ಟುವುದಿಲ್ಲ.

ಆಯಾಸಕ್ಕೆ ಕಾರಣವಿದೆ

ಅವನನ್ನು ಹೆಚ್ಚು ಹೆದರಿಸಿದ್ದು ಸುಸ್ತು. ಏನೂ ಕೆಲಸ ಮಾಡದಿದ್ದರೂ ಸಂಜೆಗೆ ತಲೆ ಭಾರ, ಮಲಗಿದರೆ ಸಾಕು ಅನ್ನಿಸುವುದು. ತನಗೇನೋ ಕಾಯಿಲೆ ಎಂದುಕೊಂಡಿದ್ದ.

ತಾಯ್ನುಡಿಯನ್ನು ನಾವು ಕೇಳಿಸಿಕೊಳ್ಳುವುದಕ್ಕೆ ಗಮನವನ್ನೇ ಕೊಡುವುದಿಲ್ಲ, ಅದು ತಾನಾಗಿ ಒಳಗೆ ಇಳಿಯುತ್ತದೆ. ಹೊಸ ಭಾಷೆಯಲ್ಲಿ ಹಾಗಲ್ಲ. ಪದ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಹಿಡಿಯಬೇಕು, ಅರ್ಥ ಹುಡುಕಬೇಕು, ಉತ್ತರ ಕಟ್ಟಬೇಕು, ಅಷ್ಟರಲ್ಲಿ ಎದುರಿನವರು ಮೂರು ವಾಕ್ಯ ಮುಂದೆ ಹೋಗಿರುತ್ತಾರೆ. ದಿನವಿಡೀ ಹೀಗಾದರೆ ದಣಿವು ಬರಲೇಬೇಕು. ಅದರ ಜೊತೆಗೆ ಡಿಸೆಂಬರ್‌ನಲ್ಲಿ ಡ್ರೆಸ್ಡೆನ್‌ನಲ್ಲಿ ಸೂರ್ಯ ಹುಟ್ಟುವುದು ಎಂಟರ ಹೊತ್ತಿಗೆ, ಮುಳುಗುವುದು ನಾಲ್ಕಕ್ಕೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಸಂತೆ, ಜಾತ್ರೆ, ಬೀದಿಯ ಗದ್ದಲದಲ್ಲಿ ಬೆಳೆದವರಿಗೆ ಆ ಮೌನವೇ ಒಂದು ಭಾರ.

ಇನ್ನೊಂದು ಲೆಕ್ಕವನ್ನೂ ಅವನ ಮುಂದೆ ಇಟ್ಟೆ. ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಪ್ರಕಾರ ಮೊದಲ ಹಂತವಾದ ಎ1 ಮುಟ್ಟಲು 45 ನಿಮಿಷದ 80ರಿಂದ 200 ಪಾಠ ಬೇಕು. ದಿನನಿತ್ಯದ ವ್ಯವಹಾರವನ್ನು ತಾನೇ ನಿಭಾಯಿಸಬಲ್ಲ ಬಿ1 ಹಂತಕ್ಕೆ 350ರಿಂದ 650 ಪಾಠ. ಇವನು ಬೆಂಗಳೂರಿನಲ್ಲಿ ಮುಗಿಸಿದ್ದು ಎ1 ಮಾತ್ರ. "ಅಂದರೆ ನೀನು ದಡ್ಡ ಅಲ್ಲ ಕಣೋ, ಇನ್ನೂ ಮುನ್ನೂರು ಪಾಠ ಹಿಂದೆ ಇದ್ದೀಯ, ಅಷ್ಟೇ" ಅಂದೆ. ಆ ದಿನ ಮೊದಲ ಬಾರಿಗೆ ಅವನು ನಕ್ಕ. ಜಾಣ ಎಂದು ಹೊಗಳಿದ್ದಕ್ಕೆ ಬರದ ನಗು ಲೆಕ್ಕ ಹೇಳಿದ್ದಕ್ಕೆ ಬಂತು. ಸೋಲಿಗೆ ಒಂದು ಅಳತೆ ಸಿಕ್ಕರೆ ಅದು ಸ್ವಭಾವದ ದೋಷ ಎನ್ನಿಸುವುದು ನಿಲ್ಲುತ್ತದೆ.

ಕುಸಿತ ಬರುವುದು ತಡವಾಗಿಯೇ ಎಂಬುದನ್ನೂ ಮನೆಯವರು ತಿಳಿದಿರಬೇಕು. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲೀಸ್‌ಗಾರ್ಡ್ ಅಮೆರಿಕಕ್ಕೆ ಹೋಗಿ ಬಂದ ತನ್ನ ದೇಶದ ಫುಲ್‌ಬ್ರೈಟ್ ವಿದ್ಯಾರ್ಥಿಗಳು, ವಿದ್ವಾಂಸರನ್ನು ಮಾತಾಡಿಸಿ 1955ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು, ಒಂದೂವರೆ ವರ್ಷಕ್ಕಿಂತ ಹೆಚ್ಚು ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನ ಅವಧಿಯವರಿಗೆ ಕಷ್ಟವಾಗಿತ್ತು. ಇದು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ, ಕೆಲವರಿಗೆ ಮೊದಲ ವಾರಗಳೇ ಅತಿ ಕಠಿಣ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಆದರೂ "ಹೋಗಿ ಆರು ತಿಂಗಳಾಯ್ತಲ್ಲ, ಇನ್ನೂ ಹೊಂದಿಕೊಂಡಿಲ್ವಾ?" ಎಂದು ಕೇಳುವ ಮುಂಚೆ ಈ ಅಧ್ಯಯನವನ್ನು ನೆನೆಯುವುದು ಒಳ್ಳೆಯದು.

ನಾಲ್ಕೇ ಮಾತು

ಸುತ್ತನ್ನು ಎಲ್ಲಿ ಕತ್ತರಿಸುವುದು? ನಾನು ಅವನಿಗೆ ಒಂದು ಕೆಲಸ ಕೊಟ್ಟೆ. "ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವಾಕೆ ಏನೇನು ಕೇಳ್ತಾಳೆ? ಅರ್ಥ ಬೇಡ, ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದು ಕಳಿಸು."

ಒಂದು ವಾರದಲ್ಲಿ ಪಟ್ಟಿ ಬಂತು. ಅವನಿಗೂ ಆಶ್ಚರ್ಯ, ನನಗೂ ಆಶ್ಚರ್ಯ. ಆಕೆ ದಿನಾ ಆಡುವುದು ನಾಲ್ಕೇ ಮಾತು. ಮೊದಲನೆಯದು "ಸಾಮೆಲ್ನ್ ಝೀ ಪುಂಕ್ಟೆ?" ಅಂಗಡಿಯ ಪಾಯಿಂಟ್ಸ್ ಕಾರ್ಡ್ ಇದೆಯೇ ಎಂದು. ಎರಡನೆಯದು "ಬಾರ್ ಓಡರ್ ಮಿಟ್ ಕಾರ್ಟೆ?" ನಗದೋ ಕಾರ್ಡೋ ಎಂದು. ಮೂರನೆಯದು "ಬ್ರೌಹೆನ್ ಝೀ ಡೆನ್ ಬೊಂಗ್?" ಬಿಲ್ ಚೀಟಿ ಬೇಕೇ ಎಂದು. ನಾಲ್ಕನೆಯದು "ಶ್ಯೋನೆನ್ ಆಬೆಂಟ್ ನೋಖ್", ನಿಮ್ಮ ಸಂಜೆ ಚೆನ್ನಾಗಿರಲಿ ಎನ್ನುವ ಬೀಳ್ಕೊಡುಗೆ. ಎರಡು ತಿಂಗಳು ಅವನನ್ನು ಬೆವರಿಸಿದ್ದ ಇಡೀ ಜರ್ಮನ್ ಭಾಷೆ ಆ ಕೌಂಟರಿನಲ್ಲಿ ನಾಲ್ಕು ವಾಕ್ಯಕ್ಕೆ ಇಳಿದಿತ್ತು.

ಉತ್ತರಗಳು ಇನ್ನೂ ಚಿಕ್ಕವು. ನೈನ್. ಕಾರ್ಟೆ. ನೈನ್, ಡಾಂಕೆ. ಕೊನೆಯ ಹಾರೈಕೆಗೆ ಮಾತ್ರ ಒಂದು ಹೊಸ ಪದ ಕಲಿಯಬೇಕಿತ್ತು, "ಗ್ಲೈಷ್‌ಫಾಲ್ಸ್", ನಿಮಗೂ ಹಾಗೇ ಆಗಲಿ ಎಂದು. ಅದುವರೆಗೆ ಅವನು ಚೀಲ ಎತ್ತಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದ. ಮೊದಲ ಸಲ ಈ ಪದ ಹೇಳಿದ ದಿನ ಆಕೆ ತಲೆಯೆತ್ತಿ ನೋಡಿದಳಂತೆ.

ಇದು ಚಿಕ್ಕ ಸಂಗತಿ ಎನ್ನಿಸಬಹುದು. ಆದರೆ ಕೆನಡಾದಲ್ಲಿ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದ್ದಾರೆ. ಕಾಫಿ ಅಂಗಡಿಗೆ ಹೋದವರಲ್ಲಿ ಕೆಲವರಿಗೆ ಕಾಫಿ ಕೊಡುವವರ ಮುಖ ನೋಡಿ, ನಕ್ಕು, ಒಂದೆರಡು ಮಾತಾಡಿ ಎಂದರು. ಉಳಿದವರಿಗೆ ಬೇಗ ಕೆಲಸ ಮುಗಿಸಿಕೊಂಡು ಬನ್ನಿ ಎಂದರು. ಮಾತಾಡಿದವರ ಮನಸ್ಸು ಹೆಚ್ಚು ಹಗುರಾಗಿತ್ತು, ಜನರ ನಡುವೆ ತಾನೂ ಒಬ್ಬ ಎನ್ನುವ ಭಾವ ಅವರಲ್ಲಿ ಹೆಚ್ಚಿತ್ತು. ಗೆಳೆತನ ಸಿಗಲು ತಿಂಗಳುಗಳು ಬೇಕು. ಒಂದು ಊರಿನಲ್ಲಿ ತಾನೂ ಇದ್ದೇನೆ ಎನ್ನಿಸಲು ಕೌಂಟರಿನ ಒಂದು ಪದ ಸಾಕು.

ಸೂಪರ್‌ಮಾರ್ಕೆಟ್ ಆದ ಮೇಲೆ ಬೇಕರಿ, ಬೇಕರಿ ಆದ ಮೇಲೆ ಲೈಬ್ರರಿ. ಪ್ರತಿ ಜಾಗಕ್ಕೂ ಅದರದೇ ನಾಲ್ಕೈದು ಮಾತು ಇರುತ್ತವೆ. ಎಲ್ಲ ಕಡೆಗೂ ಆಗುವ ಎರಡು ವಾಕ್ಯಗಳನ್ನು ಅವನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡ. ಒಂದು "ಇಷ್ ಲೆರ್ನೆ ನೋಖ್ ಡಾಯ್ಚ್", ನಾನು ಇನ್ನೂ ಜರ್ಮನ್ ಕಲಿಯುತ್ತಿದ್ದೇನೆ. ಇನ್ನೊಂದು "ಕ್ಯೊನ್ನೆನ್ ಝೀ ಬಿಟೆ ಲಾಂಗ್‌ಸಾಮರ್ ಶ್ಪ್ರೆಹೆನ್?", ಸ್ವಲ್ಪ ನಿಧಾನವಾಗಿ ಮಾತಾಡ್ತೀರಾ? ಈ ಎರಡು ವಾಕ್ಯ ಆಡದಿದ್ದರೆ ಜರ್ಮನ್ನರು ಅವನ ತಡವರಿಕೆ ಕಂಡು ತಟ್ಟನೆ ಇಂಗ್ಲಿಷಿಗೆ ತಿರುಗಿಬಿಡುತ್ತಾರೆ. ಅದು ಅವರ ಸೌಜನ್ಯ. ಕಲಿಯುವವನಿಗೆ ಅದರಿಂದ ಬಾಗಿಲು ಮುಚ್ಚುತ್ತದೆ.

ಕನ್ನಡದ ಕಿವಿಗೆ ಜರ್ಮನ್

ಇಂಗ್ಲಿಷಿನ ಮೂಲಕ ಜರ್ಮನ್ ಕಲಿಯುವವರು ಎಡವುವ ಹಲವು ಕಡೆ ಕನ್ನಡಿಗರಿಗೆ ದಾರಿ ಸುಲಭ. ಅದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. "ಡು" ಮತ್ತು "ಝೀ" ನಮ್ಮ ನೀನು ಮತ್ತು ನೀವು. ವಿಭಕ್ತಿ ಎಂದರೆ ಏನೆಂದು ನಮಗೆ ಗೊತ್ತು, ಅವರಲ್ಲಿ ನಾಲ್ಕೇ ಇವೆ. ಯಾಕೆಂದರೆ ಎಂದು ಶುರುವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ, ನಮ್ಮಲ್ಲಿ ಅದು ಯಾವಾಗಲೂ ಇರುವ ಜಾಗವೇ ಅದು. ಬರೆದದ್ದನ್ನು ಹೆಚ್ಚುಕಡಿಮೆ ಹಾಗೇ ಓದುತ್ತಾರೆ. ಕೈಗವಸಿಗೆ ಅವರು "ಹಾಂಟ್‌ಶೂ", ಅಂದರೆ ಕೈಯ ಬೂಟು ಎನ್ನುತ್ತಾರೆ. ಕಾಲಿಗೆ ಹಾಕುವುದಕ್ಕೆ ಕಾಲುಚೀಲ ಎನ್ನುವವರಿಗೆ ಇದರಲ್ಲಿ ವಿಚಿತ್ರವೇನಿದೆ?

ಗಡಿಯಾರದ ವಿಷಯದಲ್ಲಿ ಮಾತ್ರ ಅವನು ಪೆಟ್ಟು ತಿಂದ. ಭಾಷಾ ಜೊತೆಗಾರ ಒಬ್ಬ "ಹಾಲ್ಪ್ ಡ್ರೈ"ಗೆ ಬಾ ಎಂದಿದ್ದ. ಹಾಲ್ಪ್ ಎಂದರೆ ಅರ್ಧ, ಡ್ರೈ ಎಂದರೆ ಮೂರು. ಇವನು ಮೂರೂವರೆಗೆ ಹೋದ. ಅಲ್ಲಿ ಯಾರೂ ಇರಲಿಲ್ಲ. ಜರ್ಮನ್‌ನಲ್ಲಿ ಅದರ ಅರ್ಥ ಮೂರನೆಯ ಗಂಟೆಯಲ್ಲಿ ಅರ್ಧ ಆಗಿದೆ, ಅಂದರೆ ಎರಡೂವರೆ. ಸ್ಯಾಕ್ಸನಿಯಲ್ಲಿ ಇದೇ ಲೆಕ್ಕವನ್ನು ಕಾಲು, ಮುಕ್ಕಾಲಿಗೂ ಹಚ್ಚುತ್ತಾರೆ. ಕಾಲು ಮೂರು ಎಂದರೆ ಎರಡೂಕಾಲು, ಮುಕ್ಕಾಲು ಮೂರು ಎಂದರೆ ಎರಡೂಮುಕ್ಕಾಲು. ಮುಗಿದ ಗಂಟೆಗೆ ನಾವು ಸೇರಿಸುತ್ತೇವೆ, ಅವರು ನಡೆಯುತ್ತಿರುವ ಗಂಟೆ ಎಷ್ಟು ತುಂಬಿದೆ ಎಂದು ನೋಡುತ್ತಾರೆ. ಒಮ್ಮೆ ಹೀಗೆ ಹೇಳಿಕೊಟ್ಟರೆ ಮರೆಯುವುದಿಲ್ಲ.

ತಪ್ಪಾಯಿತೆಂದು ಅವನು ಆ ಹುಡುಗನಿಗೆ ಬರೆದ. ಇವನ ಗೊಂದಲ ಅರ್ಥವಾಗಿ ಆತ ನಕ್ಕು ಮುಂದಿನ ಗುರುವಾರ ಕರೆದ. ಈ ಸಲ ಗಂಟೆಯನ್ನು ಅಂಕಿಯಲ್ಲಿ ಬರೆದಿದ್ದ. ವಿಶ್ವವಿದ್ಯಾಲಯಗಳ ಭಾಷಾ ಕೇಂದ್ರಗಳು ಜೋಡಿ ಮಾಡಿಕೊಡುವ ಈ ಪದ್ಧತಿಗೆ ಟಾಂಡೆಮ್ ಎಂದು ಹೆಸರು. ವಾರಕ್ಕೊಂದು ಗಂಟೆ ಕೂತು ಅರ್ಧ ಗಂಟೆ ಅವನ ಭಾಷೆ, ಅರ್ಧ ಗಂಟೆ ಇವನದು. ಇಬ್ಬರೂ ಕಲಿಯುವವರೇ, ಇಬ್ಬರೂ ತಪ್ಪುವವರೇ, ಹಾಗಾಗಿ ನಾಚಿಕೆಗೆ ಜಾಗವಿಲ್ಲ. ಗಡಿಯಾರ ನೋಡಿ ಭಾಷೆ ಬದಲಿಸಬೇಕು, ಇಲ್ಲದಿದ್ದರೆ ಇಡೀ ಗಂಟೆ ಇಂಗ್ಲಿಷಿನಲ್ಲೇ ಕಳೆದುಹೋಗುತ್ತದೆ. "ನು" ಎಂದರೆ ಹೌದು ಎಂದು ಅವನಿಗೆ ತಿಳಿದದ್ದು ಅಲ್ಲೇ. ಮಾರನೆಯ ದಿನ ಹೋಗಿ ಆ ತಿಂಡಿ ತಂದು ತಿಂದ.

ಗೆಳೆತನದ ರೀತಿಯೂ ಅಲ್ಲಿ ಬೇರೆ. "ಸಂಜೆ ಮನೆಗೆ ಬರ್ತೀನಿ" ಎಂದು ನುಗ್ಗುವ ಅಭ್ಯಾಸ ಅವರಿಗಿಲ್ಲ. ಮುಂದಿನ ಗುರುವಾರ ಎಂದರೆ ಮುಂದಿನ ಗುರುವಾರವೇ. ಇದನ್ನು ಇವನು ಮೊದಲು ಬಿಗುಮಾನ ಎಂದುಕೊಂಡಿದ್ದ. ದಿನ ಗೊತ್ತುಮಾಡಿ ಅದನ್ನು ತಪ್ಪದೆ ಪಾಲಿಸುವುದೇ ಅವರ ಪ್ರೀತಿ ಎಂದು ನಿಧಾನವಾಗಿ ಅರ್ಥವಾಯಿತು. ವಿಶ್ವವಿದ್ಯಾಲಯದ ಕ್ರೀಡಾ ತರಗತಿಯಲ್ಲಿ ಬ್ಯಾಡ್ಮಿಂಟನ್‌ಗೆ ಹೆಸರು ಕೊಟ್ಟ. ಪ್ರತಿ ವಾರ ಅದೇ ಹೊತ್ತು, ಅದೇ ಹನ್ನೆರಡು ಮುಖ. ಆಟದಲ್ಲಿ ಮಾತು ಕಡಿಮೆ, ನಗು ಹೆಚ್ಚು. ಭಾಷೆ ಬಾರದವನಿಗೆ ಇದಕ್ಕಿಂತ ಒಳ್ಳೆಯ ಕೂಟ ಸಿಗುವುದು ಕಷ್ಟ.

ಮನೆಯಿಂದ ಬರುವ ಮಾತು

ಮನೆಯವರ ಪಾಲಿಗೆ ಬರುತ್ತೇನೆ. ಮೊದಮೊದಲು ಅಕ್ಕ ದಿನಾ ಎರಡು ಗಂಟೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅವನ ಸಂಜೆ ಪೂರ್ತಿ ದಾವಣಗೆರೆಯಲ್ಲೇ ಕಳೆಯುತ್ತಿತ್ತು. ಕಾಲ್ ಮುಗಿದಾಗ ರೂಮು ಇನ್ನಷ್ಟು ಖಾಲಿ ಅನ್ನಿಸುತ್ತಿತ್ತು. ಬ್ಯಾಡ್ಮಿಂಟನ್ ಶುರುವಾದ ಮೇಲೆ ಅದು ತಾನಾಗಿ ಅರ್ಧ ಗಂಟೆಗೆ ಇಳಿಯಿತು. ಅಕ್ಕನಿಗೆ ಬೇಸರವಾಯಿತು, ನಾನು ಸಮಾಧಾನ ಮಾಡಿದೆ. ಕನ್ನಡದವರ ಜೊತೆ ಹಬ್ಬಕ್ಕೆ ಸೇರುವುದು, ಬಿಸಿಬೇಳೆಬಾತ್ ಮಾಡುವುದು ಬೇಕೇ ಬೇಕು. ಎಲ್ಲ ಸಂಜೆಗಳೂ ಅದರಲ್ಲೇ ತುಂಬಿದರೆ ಮಾತ್ರ ಜರ್ಮನ್‌ಗೆ ಹೊತ್ತು ಉಳಿಯುವುದಿಲ್ಲ.

ನಾವು ಕೇಳುವ ಪ್ರಶ್ನೆ ಬದಲಾಗಬೇಕು. "ಊಟ ಆಯ್ತಾ? ಚೆನ್ನಾಗಿದ್ದೀಯಾ?" ಎಂದರೆ ಬರುವ ಉತ್ತರ ಒಂದೇ, ಹೂಂ. "ಇವತ್ತು ಯಾರ ಹತ್ತಿರ ಜರ್ಮನ್ ಮಾತಾಡಿದೆ? ಅವರು ಹೇಳಿದ್ದನ್ನ ಹಾಗೇ ಹೇಳು, ನನಗೂ ಕಲಿಸು" ಎಂದರೆ ಅವನು ದಿನವನ್ನು ತಿರುವಿಹಾಕುತ್ತಾನೆ, ಒಂದಾದರೂ ಮಾತು ಸಿಗುತ್ತದೆ. "ಅರ್ಥ ಆಗಲಿಲ್ಲ ಅಂದ್ಯಲ್ಲ, ಎಷ್ಟು ಪದ ಅರ್ಥ ಆಯ್ತು?" ಎಂದರೆ ಹತ್ತರಲ್ಲಿ ಮೂರು ಎನ್ನುತ್ತಾನೆ, ಹೋದ ತಿಂಗಳು ಒಂದೇ ಇತ್ತಲ್ಲ ಎಂದು ಅವನಿಗೇ ಹೊಳೆಯುತ್ತದೆ. ಪಕ್ಕದ ಮನೆಯ ಹುಡುಗ ಆರು ತಿಂಗಳಲ್ಲಿ ಕಲಿತ ಎನ್ನುವ ಮಾತು ಬೇಡ. ಇಷ್ಟು ಖರ್ಚು ಮಾಡಿ ಕಳಿಸಿದ್ದೇವೆ ಎನ್ನುವುದಂತೂ ಬೇಡವೇ ಬೇಡ, ಅದನ್ನು ಕೇಳಿದ ಮೇಲೆ ಮಕ್ಕಳು ಕಷ್ಟ ಹೇಳಿಕೊಳ್ಳುವುದನ್ನೇ ಬಿಡುತ್ತಾರೆ.

ಅವನಿಗೆ ನಾನು ಕಿಟೆಲ್ ಅವರ ಕತೆಯನ್ನೂ ಹೇಳಿದೆ. ಜರ್ಮನಿಯ ಉತ್ತರದ ಒಂದು ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ ಮೂಲಕ ನಮ್ಮ ನಾಡಿಗೆ ಬಂದಾಗ ಅವರಿಗೆ 21 ವರ್ಷ. ಇವನಿಗಿಂತ ಚಿಕ್ಕವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, 41 ವರ್ಷಗಳ ನಂತರ. ಕನ್ನಡದ ಸುಮಾರು 70 ಸಾವಿರ ಪದಗಳಿಗೆ ಅರ್ಥ ಬರೆದ ಆ ಮನುಷ್ಯನೂ ಒಂದು ದಿನ ಧಾರವಾಡದ ಬೀದಿಯಲ್ಲಿ ಎದುರಿನವರ ಮಾತು ತಿಳಿಯದೆ ನಿಂತಿದ್ದಿರಬೇಕು. "ಅವರ ಊರಿನವರ ಹತ್ತಿರ ನೀನು ಈಗ ನಾಲ್ಕು ಮಾತು ಕಲಿತಿದ್ದೀಯ" ಅಂದೆ.

ಮಾತು ಸಾಲದ ಹೊತ್ತು

ಮನೆಯ ಮಾತಿಗೆ ಒಂದು ಮಿತಿಯಿದೆ, ಅದನ್ನು ಗುರುತಿಸುವುದು ಎಲ್ಲಕ್ಕಿಂತ ಮುಖ್ಯ. ಎರಡು ವಾರ ಬಿಡದೆ ದಿನದ ಹೆಚ್ಚು ಹೊತ್ತು ಮಂಕಾಗಿರುವುದು, ನಿದ್ದೆ ಕೆಡುವುದು, ಹಿಡಿಸುತ್ತಿದ್ದ ಕೆಲಸದಲ್ಲೂ ಮನಸ್ಸಿಲ್ಲದಿರುವುದು, ಇಂಗ್ಲಿಷಿನ ಕ್ಲಾಸಿಗೂ ಹೋಗದಿರುವುದು, ಇವು ಭಾಷೆಯ ಕಷ್ಟವನ್ನು ದಾಟಿದ ಲಕ್ಷಣಗಳು. ಜರ್ಮನಿಗೇ ಸೇರಿದ ಇನ್ನೊಂದು ಗುರುತಿದೆ. ಅಲ್ಲಿ ಇನ್ಶೂರೆನ್ಸ್, ಬ್ಯಾಂಕು, ಸರ್ಕಾರಿ ಕಚೇರಿ ಎಲ್ಲರೂ ಇವತ್ತಿಗೂ ಕಾಗದದ ಪತ್ರ ಕಳಿಸುತ್ತಾರೆ. ಮೇಜಿನ ಮೇಲೆ ಒಡೆಯದ ಲಕೋಟೆಗಳು ಗುಡ್ಡೆ ಬಿದ್ದಿದ್ದರೆ ಹುಡುಗ ಒಳಗೊಳಗೇ ಕುಸಿಯುತ್ತಿರಬಹುದು. ವಿಡಿಯೋ ಕಾಲಿನಲ್ಲಿ "ಮೇಜು ತೋರಿಸು" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಆಗ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಶ್ಟುಡಿಯರೆಂಡೆನ್‌ವೆರ್ಕ್‌ನ ಆಪ್ತಸಲಹೆಗೆ ಹೋಗಬೇಕು. ಕ್ಯಾಂಟೀನ್, ಹಾಸ್ಟೆಲ್ ನಡೆಸುವ ಸಂಸ್ಥೆ ಅದೇ. ಅಲ್ಲಿ ಮಾತಾಡಿದ್ದು ವಿಶ್ವವಿದ್ಯಾಲಯಕ್ಕೆ ತಲುಪುವುದಿಲ್ಲ, ಹಲವು ಊರುಗಳಲ್ಲಿ ಇಂಗ್ಲಿಷಿನಲ್ಲೂ ಮಾತಾಡಬಹುದು. ಬದುಕೇ ಬೇಡ ಎನ್ನುವ ಮಾತು ಬಾಯಲ್ಲಿ ಬಂದರೆ ಕಾಯುವಂತಿಲ್ಲ. ಅಲ್ಲಿಯ ತುರ್ತು ನಂಬರು 112. ಅವನ ರೂಮಿನ ಹತ್ತಿರ ಇರುವ ಒಬ್ಬರ ಫೋನ್ ನಂಬರು ಮನೆಯಲ್ಲಿ ಬರೆದಿಟ್ಟಿರಬೇಕು.

ನಮ್ಮ ಹುಡುಗನಿಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರಲಿಲ್ಲ. ಫೆಬ್ರವರಿಯಲ್ಲಿ ಪರೀಕ್ಷೆ ಎಂದು ಹತ್ತು ದಿನ ರೂಮಿನಲ್ಲೇ ಇದ್ದ. ಮುಗಿದ ದಿನ ಸೂಪರ್‌ಮಾರ್ಕೆಟ್ಟಿಗೆ ಹೋದಾಗ ಬಿಲ್ ಹಾಕುವಾಕೆ ಪಾಯಿಂಟ್ಸ್ ಕಾರ್ಡಿನ ವಿಷಯ ಕೇಳಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲೇ ಹಿಡಿದು "ಲಾಂಗೆ ನಿಷ್ಟ್ ಗೆಸೇಯನ್" ಅಂದಳಂತೆ.

ಪಟ್ಟಿಯಲ್ಲಿ ಇಲ್ಲದ ಐದನೆಯ ಮಾತು. ಯಾರೂ ಹೇಳಿಕೊಡದೆ ಅವನಿಗೆ ಅರ್ಥವಾಯಿತು.

ಆ ರಾತ್ರಿ ಫೋನ್ ಮಾಡಿದವನು ಊಟ ಆಯ್ತಾ ಎಂದು ಕೇಳುವುದನ್ನೂ ಮರೆತು ಅದನ್ನೇ ಹೇಳಿದ. "ಚಿಕ್ಕಮ್ಮ, ಬಹಳ ದಿನ ಆಯ್ತು ನಿಮ್ಮನ್ನ ನೋಡಿ ಅಂದ್ಲು."